ಹದಿನೈದು ಅಡಿ ಎತ್ತರದ ಹಜಾರದಲ್ಲಿ ಒಂದು ಅಟ್ಟ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಉಳಿದಿರುವ ಮದ್ರಾಸ್ ತಾರಸಿಯ ಮನೆಗಳಲ್ಲಿ ನಮ್ಮದೂ ಒಂದು. ತೇಗದ ಜಂತಿಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ ತುಂಬಿ, ಅದರ ಮೇಲೆ ಇಟ್ಟಿಗೆ ಚೂರಿನ ಕಾಂಕ್ರೀಟು ಬಡಿದು ಮಾಡಿದ ಚಾವಣಿ. ನಡುವಿನ ಹಜಾರ 18 ಅಡಿ 6 ಇಂಚು ಉದ್ದ, 14 ಅಡಿ ಅಗಲ. ಎತ್ತರ ಹದಿನೈದು ಅಡಿಗೂ ತುಸು ಹೆಚ್ಚು. ಮಗಳ ಓದಿಗೆ ಪ್ರತ್ಯೇಕ ಜಾಗ ಬೇಕಾಗಿತ್ತು, ತಾರಸಿಯ ಮೇಲೆ ಕೋಣೆ ಕಟ್ಟಿಸಿದರೆ ಆ ಭಾರವನ್ನು ಹಳೆಯ ಜಂತಿಗಳು ಹೊರಲಾರವು. ಹಾಗಾಗಿ ಹಜಾರದ ಹಿಂಭಾಗದಲ್ಲಿ ಕಬ್ಬಿಣದ ಅಟ್ಟ ಕಟ್ಟಿಸುವುದೆಂದು ತೀರ್ಮಾನಿಸಿದೆವು. ಸಾಮಾನು ತುಂಬುವ ಅಟ್ಟವಲ್ಲ, ಮನುಷ್ಯರು ನಿಂತು ನಡೆದಾಡುವ ಅಟ್ಟ.

ಹದಿನೈದು ಅಡಿ ಎಂದರೆ ಎರಡು ಏಳೂವರೆ ಅಡಿ ಎಂದು ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕುತ್ತಿದ್ದರು. ಈ ಲೆಕ್ಕ ಎರಡು ಕಡೆ ಕೆಡುತ್ತದೆ. ಮೊದಲನೆಯದು, ಚಾವಣಿಯ ಎತ್ತರ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ನೆಲದಿಂದ ಜಂತಿಗಳ ಅಡಿಭಾಗದವರೆಗೆ ಅಳೆದಾಗ 182 ಇಂಚು ಬಂತು. ಆದರೆ ಜಂತಿಗಳನ್ನು ಹೊತ್ತಿರುವ ದೊಡ್ಡ ತೊಲೆ ಹಜಾರದ ನಡುವೆ ಅಡ್ಡಲಾಗಿ ಹಾದುಹೋಗಿದೆ, ಅದು ಜಂತಿಗಳಿಗಿಂತ ಹತ್ತು ಇಂಚು ಕೆಳಗೆ ಇಳಿದಿದೆ. ಅಲ್ಲಿ ಸಿಗುವುದು 172 ಇಂಚು ಮಾತ್ರ. ಎರಡನೆಯದು, ಅಟ್ಟಕ್ಕೂ ದಪ್ಪವಿದೆ. ಕಾಗದದ ಮೇಲೆ ಗೆರೆ ಎಳೆಯುವಾಗ ಅದು ಯಾರಿಗೂ ನೆನಪಾಗುವುದಿಲ್ಲ.

ನಮ್ಮ ಇಂಜಿನಿಯರ್ ಮೊದಲು ಕೇಳಿದ ಪ್ರಶ್ನೆಯೂ ಅದೇ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇಂಥ ನಡು ಅಂತಸ್ತಿನ ಎತ್ತರ ಕನಿಷ್ಠ 2.2 ಮೀಟರ್ ಇರಬೇಕು. ಅಂದರೆ ಸುಮಾರು 87 ಇಂಚು, ಏಳು ಅಡಿ ಮೂರು ಇಂಚು. ಅಟ್ಟದ ಕೆಳಗೂ ಅಷ್ಟೇ ಬಿಡಬೇಕೆಂದು ಅವರು ಹೇಳಿದರು. 87ರ ಮೇಲೆ 87 ಇಟ್ಟರೆ 174. ನಮ್ಮ 182ರಲ್ಲಿ ಅದನ್ನು ಕಳೆದರೆ ಅಟ್ಟದ ದಪ್ಪಕ್ಕೆ ಉಳಿಯುವುದು ಎಂಟೇ ಇಂಚು. ತೊಲೆಯ ಕೆಳಗಾದರೆ ಲೆಕ್ಕವೇ ಕೂಡುವುದಿಲ್ಲ. ಆದ್ದರಿಂದ ಅಟ್ಟವು ತೊಲೆಯನ್ನು ಮುಟ್ಟದೆ, ಹಿಂದಿನ ಗೋಡೆಗೂ ತೊಲೆಗೂ ನಡುವಿನ ಅಂಕಣದಲ್ಲೇ ಮುಗಿಯಬೇಕು ಎಂಬುದು ಮೊದಲ ದಿನವೇ ಸ್ಪಷ್ಟವಾಯಿತು. ಹಿಂದಿನ ಗೋಡೆಯಿಂದ ತೊಲೆಯ ಅಂಚಿಗೆ ಒಂಬತ್ತು ಅಡಿ. ಅದರಲ್ಲಿ ಎಂಟು ಅಡಿಗೆ ಅಟ್ಟವನ್ನು ನಿಲ್ಲಿಸಿದೆವು.

ದಪ್ಪದ ವಿಷಯದಲ್ಲಿ ವೆಲ್ಡಿಂಗ್ ಕೆಲಸದವರಿಗೂ ಇಂಜಿನಿಯರ್‌ಗೂ ಒಳ್ಳೆಯ ವಾದವೇ ನಡೆಯಿತು. ಅಟ್ಟದ ಮುಂಭಾಗದ ಅಂಚಿನಲ್ಲಿ ಎಡಗೋಡೆಯಿಂದ ಬಲಗೋಡೆಯವರೆಗೆ 14 ಅಡಿಯ ಒಂದು ಕಬ್ಬಿಣದ ತೊಲೆ ಬರಬೇಕು. ಅದರಿಂದ ಹಿಂದಿನ ಗೋಡೆಗೆ ಎರಡೆರಡು ಅಡಿಗೆ ಒಂದರಂತೆ ಅಡ್ಡಪಟ್ಟಿಗಳು, ಅವುಗಳ ಮೇಲೆ ಹಲಗೆ. ವೆಲ್ಡಿಂಗ್‌ನವರ ರೂಢಿಯೆಂದರೆ ತೊಲೆಯ ಮೇಲೆ ಅಡ್ಡಪಟ್ಟಿಯನ್ನು ಕೂರಿಸುವುದು. ಕೆಲಸ ಸಲೀಸು, ಮಟ್ಟ ಹಿಡಿಯುವುದೂ ಸುಲಭ. ಆದರೆ ಆರು ಇಂಚಿನ ತೊಲೆಯ ಮೇಲೆ ಮೂರು ಇಂಚಿನ ಪಟ್ಟಿ, ಅದರ ಮೇಲೆ ಮುಕ್ಕಾಲು ಇಂಚಿನ ಸಿಮೆಂಟ್ ಬೋರ್ಡ್, ಮೇಲೆ ನೆಲಹಾಸು ಎಂದು ಕೂಡಿಸಿದರೆ ಹತ್ತು ಇಂಚು ಆಗಿಬಿಡುತ್ತದೆ.

“ಹಾಗಾದರೆ ತೊಲೆಯನ್ನೇ ನಾಲ್ಕು ಇಂಚಿನ ಚಾನೆಲ್ ಮಾಡೋಣ ಸರ್” ಎಂದರು ಅವರು. ಇಂಜಿನಿಯರ್ ಒಪ್ಪಲಿಲ್ಲ. ಮನೆಬಳಕೆಯ ನೆಲಕ್ಕೆ ಒಂದು ಚದರ ಮೀಟರಿಗೆ ಇನ್ನೂರು ಕಿಲೋ ಭಾರ ಬರಬಹುದೆಂದು ಹಿಡಿಯಬೇಕು, ಅಟ್ಟದ ಸ್ವಂತ ತೂಕ ಬೇರೆ. ನಮ್ಮ ಅಳತೆಗೆ ಒಟ್ಟು ಎರಡೂವರೆ ಟನ್‌ಗೆ ಬರುತ್ತದೆ, ಅದರಲ್ಲಿ ಅರ್ಧ ಮುಂದಿನ ತೊಲೆಯ ಪಾಲು. 14 ಅಡಿಯ ಹರವಿನಲ್ಲಿ ನಾಲ್ಕು ಇಂಚಿನ ಚಾನೆಲ್ ಮುರಿಯದೇ ಇರಬಹುದು, ಆದರೆ ಪೂರ್ತಿ ಭಾರ ಬಿದ್ದಾಗ ನಡುವೆ ಒಂದು ಇಂಚಿಗೂ ಹೆಚ್ಚು ಬಾಗುತ್ತದೆ. ಮೇಲೆ ನಡೆದಾಡಿದರೆ ಕುಣಿಯುತ್ತದೆ. ಆರು ಇಂಚಿನ ಐ-ಬೀಮ್ ಆದರೆ ಬಾಗು ಒಂಬತ್ತು ಮಿಲಿಮೀಟರಿನೊಳಗೆ ನಿಲ್ಲುತ್ತದೆ. ಕೊನೆಗೆ ಇಂಜಿನಿಯರ್ ಹೇಳಿದ ಉಪಾಯವೇ ಜಾರಿಗೆ ಬಂತು. ಅಡ್ಡಪಟ್ಟಿಗಳನ್ನು ತೊಲೆಯ ಮೇಲೆ ಕೂರಿಸದೆ, ಅದರ ಪಕ್ಕಕ್ಕೆ ಕೋನದ ತುಂಡುಗಳನ್ನು ಬೋಲ್ಟ್ ಮಾಡಿ, ಎರಡರ ಮೇಲ್ಮೈ ಒಂದೇ ಮಟ್ಟಕ್ಕೆ ಬರುವಂತೆ ಸೇರಿಸುವುದು. ದಪ್ಪ ಏಳು ಇಂಚಿಗೆ ಇಳಿಯಿತು. ಕೆಳಗೆ 87, ದಪ್ಪ 7, ಮೇಲೆ 88. ಒಂದು ಇಂಚು ಮಿಕ್ಕಿತು. ಹಳೆಯ ಮನೆಯ ನೆಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಕ್ಕಾಲು ಇಂಚು ಏರಿಳಿಯುತ್ತದೆ ಎಂಬುದು ನೀರಿನ ಕೊಳವೆ ಹಿಡಿದು ಮಟ್ಟ ನೋಡಿದಾಗ ತಿಳಿದಿತ್ತು, ಆ ಒಂದು ಇಂಚು ಅದಕ್ಕೇ ಸರಿಹೋಯಿತು. ಎತ್ತರ ಅಳೆಯುವವರು ಒಂದೇ ಕಡೆ ಟೇಪು ಹಿಡಿದು ನಿಲ್ಲಿಸಬಾರದು. ನಾಲ್ಕೂ ಮೂಲೆಗಳಲ್ಲಿ ಅಳೆದು, ಅತಿ ಕಡಿಮೆ ಬಂದ ಅಂಕಿಯನ್ನೇ ಹಿಡಿಯಬೇಕು.

ಅಂಕಿಗಳು ಹೊಂದಿದ ಮೇಲೂ ನನಗೆ ಸಮಾಧಾನವಿರಲಿಲ್ಲ. ಏಳು ಅಡಿ ಮೂರು ಇಂಚು ಎಂಬುದು ಮೈಗೆ ಹೇಗೆ ಅನಿಸುತ್ತದೆ ಎಂದು ಕಾಗದ ಹೇಳುವುದಿಲ್ಲ. ಗಾರೆ ಕೆಲಸದವರಿಂದ ಸಾರುವೆಯ ಕಂಬಗಳನ್ನೂ ಹಲಗೆಗಳನ್ನೂ ತರಿಸಿ, ಅಟ್ಟ ಬರಬೇಕಾದ ಮಟ್ಟದಲ್ಲೇ ಮೂರು ಹಲಗೆಗಳನ್ನು ಕಟ್ಟಿಸಿದೆ. ಉಳಿದ ಕಡೆ ಅದೇ ಎತ್ತರಕ್ಕೆ ದಾರ ಎಳೆದು ಹಳೆಯ ಸೀರೆ ಹರವಿದೆವು. ಮೇಲೆ ಹತ್ತಿ ನಿಂತಾಗ ನನ್ನ ತಲೆಗೂ ಜಂತಿಗೂ ನಡುವೆ ಧಾರಾಳ ಜಾಗವಿತ್ತು. ಆದರೆ ಅಂಗಿ ಹಾಕಿಕೊಳ್ಳುವಂತೆ ಎರಡೂ ಕೈ ಮೇಲೆತ್ತಿದರೆ ಬೆರಳ ತುದಿ ಜಂತಿಗೆ ತಗಲುತ್ತಿತ್ತು. ಅಲ್ಲಿ ಚಾವಣಿ ಫ್ಯಾನ್ ಹಾಕುವ ಯೋಚನೆ ಅವತ್ತೇ ಬಿಟ್ಟುಹೋಯಿತು. ಅಟ್ಟದ ಮೇಲೂ ಕೆಳಗೂ ಗೋಡೆ ಫ್ಯಾನ್‌ಗಳೇ ಆಗಬೇಕು.

ಸಾರುವೆಯ ಮೇಲೆ ನಿಂತಾಗಲೇ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಹಜಾರದ ಹಳೆಯ ಫ್ಯಾನ್. ಅದು ನಡುವಿನ ತೊಲೆಯ ಕೊಕ್ಕೆಗೆ ಉದ್ದ ಕೊಳವೆಯಲ್ಲಿ ತೂಗುತ್ತಿತ್ತು, ರೆಕ್ಕೆಗಳು ನೆಲದಿಂದ ಹತ್ತು ಅಡಿ ಎತ್ತರದಲ್ಲಿ. ನಡುವಿನಿಂದ ರೆಕ್ಕೆಯ ತುದಿಗೆ ಎರಡು ಅಡಿ. ತೊಲೆಯ ಮಧ್ಯಭಾಗ ಹಿಂದಿನ ಗೋಡೆಯಿಂದ 9 ಅಡಿ 3 ಇಂಚು. ಅಂದರೆ ಫ್ಯಾನ್ ತಿರುಗುವ ವೃತ್ತ ಅಟ್ಟದ ಅಂಚಿನೊಳಕ್ಕೆ ಒಂಬತ್ತು ಇಂಚು ನುಗ್ಗುತ್ತಿತ್ತು, ಅದೂ ಅಟ್ಟದ ಮೇಲೆ ನಿಂತವರ ಮೊಣಕಾಲಿಗಿಂತ ಸ್ವಲ್ಪ ಮೇಲಿನ ಮಟ್ಟದಲ್ಲಿ. ಕಟಕಟೆಯ ಸರಳಿಗೆ ರೆಕ್ಕೆ ಬಡಿಯುತ್ತಿತ್ತು ಅಥವಾ ಸರಳಿನಾಚೆ ಚಾಚಿದ ಕೈಗೆ. ಕೆಳಗೆ ನಿಂತು ನೋಡುವಾಗ ಫ್ಯಾನ್ ಎಲ್ಲೋ ಮೇಲೆ ಇದೆ ಎಂದಷ್ಟೇ ಕಾಣುತ್ತದೆ. ಅದನ್ನು ಮುಂದಿನ ಅಂಕಣದ ನಡುವಿಗೆ ಸರಿಸಿದೆವು.

ಗಾಳಿಯ ವಿಷಯಕ್ಕೆ ಬರುತ್ತೇನೆ. ಇಂಥ ಅಟ್ಟ ಕಟ್ಟಿಸಿದ ಮನೆಗಳಲ್ಲಿ ಎತ್ತರ ಸರಿಯಿದ್ದೂ ಅಟ್ಟ ಖಾಲಿ ಬಿದ್ದಿರುವುದನ್ನು ನಾನು ನೋಡಿದ್ದೇನೆ, ಕಾರಣ ಸೆಖೆ. ಹಳೆಯ ಹಜಾರಗಳ ಎತ್ತರ ಬರೀ ಅಂದಕ್ಕೆ ಇಟ್ಟದ್ದಲ್ಲ. ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರುತ್ತದೆ, ಕೋಣೆಯಲ್ಲಿ ಬಿಸಿಯಾಗಿ ಮೇಲೇರುತ್ತದೆ, ಚಾವಣಿಯ ಹತ್ತಿರದ ಗವಾಕ್ಷಿಯಿಂದ ಹೊರಗೆ ಹೋಗುತ್ತದೆ. ನಡುವೆ ಒಂದು ನೆಲ ಹಾಕಿದ ಕೂಡಲೇ ಈ ದಾರಿ ತುಂಡಾಗುತ್ತದೆ. ಕೆಳಗಿನ ಅರ್ಧಕ್ಕೆ ಗಾಳಿ ಹೊರಹೋಗುವ ದಾರಿ ಇಲ್ಲ, ಮೇಲಿನ ಅರ್ಧಕ್ಕೆ ಒಳಬರುವ ದಾರಿ ಇಲ್ಲ. ಕೋಣೆಯಲ್ಲಿ ಮೊದಲು ಮನುಷ್ಯರಿಗೆ ತಗಲದಂತೆ ಮೇಲೆ ನಿಲ್ಲುತ್ತಿದ್ದ ಬಿಸಿಗಾಳಿಯಲ್ಲಿ ಈಗ ಮನುಷ್ಯರೇ ಹೋಗಿ ಮಲಗಬೇಕು.

ಇದನ್ನು ಬಾಯಿಮಾತಿಗೆ ಬಿಡಬಾರದೆಂದು ಎರಡು ಅಗ್ಗದ ಉಷ್ಣಮಾಪಕಗಳನ್ನು ತಂದು, ಒಂದನ್ನು ಕೆಳಗೆ ಕುರ್ಚಿಯ ಮಟ್ಟದಲ್ಲಿ, ಇನ್ನೊಂದನ್ನು ಸಾರುವೆಯ ಮೇಲೆ ಕುಳಿತವರ ಮುಖದ ಮಟ್ಟದಲ್ಲಿ ತೂಗುಹಾಕಿದೆ. ಏಪ್ರಿಲ್ ತಿಂಗಳು. ಮಧ್ಯಾಹ್ನ ಎರಡೂ ಮಾಪಕಗಳ ನಡುವಿನ ವ್ಯತ್ಯಾಸ ಎರಡು ಡಿಗ್ರಿಯಷ್ಟೇ ಇತ್ತು. ರಾತ್ರಿ ಹತ್ತು ಗಂಟೆಗೆ ನೋಡಿದರೆ ಹೊರಗೆ ತಂಪು ಗಾಳಿ ಬೀಸುತ್ತಿದೆ, ಕೆಳಗೆ 29, ಮೇಲೆ 33. ಹಲಗೆಯ ಮೇಲೆ ಮಲಗಿ ಜಂತಿಗಳ ನಡುವಿನ ಇಟ್ಟಿಗೆಗೆ ಅಂಗೈ ಹತ್ತಿರ ಹಿಡಿದಾಗ ಕಾವು ಕೈಗೆ ಬಡಿಯಿತು. ದಪ್ಪನೆಯ ಸುಣ್ಣದ ತಾರಸಿ ಹಗಲಿನ ಬಿಸಿಲನ್ನು ಕೂಡಲೇ ಒಳಗೆ ಬಿಡುವುದಿಲ್ಲ, ಹಿಡಿದಿಟ್ಟುಕೊಂಡು ತಾಸುಗಳ ನಂತರ ಬಿಡುತ್ತದೆ. ಹದಿನೈದು ಅಡಿ ಕೆಳಗೆ ಮಲಗಿದವರಿಗೆ ಅದು ಗೊತ್ತಾಗುವುದಿಲ್ಲ. ಏಳು ಅಡಿ ಕೆಳಗೆ ಮಲಗುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಅಟ್ಟದ ಸೆಖೆಯನ್ನು ಪರೀಕ್ಷಿಸುವವರು ಮಧ್ಯಾಹ್ನದ ಅಂಕಿ ನೋಡಿ ನಂಬಬಾರದು, ರಾತ್ರಿ ಊಟದ ನಂತರ ಹತ್ತಿ ಕೂರಬೇಕು.

ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಲು ಊದುಬತ್ತಿ ಸಾಕು. ನಮ್ಮ ಹಜಾರದ ಎರಡೂ ಪಕ್ಕದ ಗೋಡೆಗಳಾಚೆ ಕಿರಿದಾದ ಓಣಿಗಳಿವೆ. ಹಿಂದಿನ ಅಂಕಣದಲ್ಲಿ ಎದುರುಬದುರಾಗಿ ಒಂದೊಂದು ಗವಾಕ್ಷಿಯಿದೆ, ನಡುವೆ ಅಡ್ಡ ಗೂಟದ ಮೇಲೆ ತಿರುಗುವ ಗಾಜಿನ ಬಾಗಿಲು, ಕೆಳಗಿನಿಂದ ಹಗ್ಗ ಎಳೆದು ತೆರೆಯುವಂಥದ್ದು. ಹಗ್ಗಗಳು ಎಂದೋ ಹೋಗಿದ್ದವು, ಬಣ್ಣದ ಮೇಲೆ ಬಣ್ಣ ಬಳಿದು ಬಾಗಿಲುಗಳು ಚೌಕಟ್ಟಿಗೆ ಅಂಟಿಕೊಂಡಿದ್ದವು. ಊದುಬತ್ತಿಯ ಹೊಗೆ ಚಾವಣಿಗೆ ಹೋಗಿ, ಜಂತಿಗಳ ಸಂದಿನಲ್ಲಿ ಹರಡಿ, ಅಲ್ಲೇ ನಿಂತುಬಿಡುತ್ತಿತ್ತು. ಬಡಗಿಯವರು ಬಣ್ಣ ಕೆರೆದು, ಗೂಟಕ್ಕೆ ಎಣ್ಣೆ ಬಿಟ್ಟು ಎರಡನ್ನೂ ತೆರೆದುಕೊಟ್ಟ ಸಂಜೆ ಅದೇ ಹೊಗೆ ಮೇಲೇರಿ, ತೊಲೆಯ ಪಕ್ಕದಲ್ಲಿ ಬಾಗಿ, ಪೂರ್ವದ ಗವಾಕ್ಷಿಯಿಂದ ಹೊರಗೆ ಹೋಗುವುದನ್ನು ನಾವೆಲ್ಲ ನಿಂತು ನೋಡಿದೆವು. ಹೊಸ ಕೆಲಸಕ್ಕೆ ಕೈಹಾಕುವ ಮೊದಲು ಇದ್ದ ಗವಾಕ್ಷಿಗಳನ್ನು ತೆರೆಸುವುದು ಎಷ್ಟು ದೊಡ್ಡ ಲಾಭ ಎಂಬುದು ಅಲ್ಲೇ ಕಂಡಿತು.

ಆದರೂ ಅವೆರಡೇ ಸಾಲದು. ಅಟ್ಟವನ್ನು ವಾಸಕ್ಕೆ ಬಳಸುವುದಾದರೆ ಬೆಳಕು, ಗಾಳಿಯ ವಿಷಯದಲ್ಲಿ ಅದಕ್ಕೂ ವಾಸದ ಕೋಣೆಯ ನಿಯಮಗಳೇ ಅನ್ವಯಿಸುತ್ತವೆ, ವಿಸ್ತೀರ್ಣವೂ ಕನಿಷ್ಠ 9.5 ಚದರ ಮೀಟರ್ ಇರಬೇಕು. ಕಿಟಕಿಗಳ ಒಟ್ಟು ಅಳತೆ ಒಣ ಸೆಖೆಯ ಪ್ರದೇಶದಲ್ಲಿ ನೆಲದ ಹತ್ತನೇ ಒಂದು ಭಾಗ, ತೇವದ ಸೆಖೆಯ ಪ್ರದೇಶದಲ್ಲಿ ಆರನೇ ಒಂದು ಭಾಗ ಇರಬೇಕೆಂದು ಸಂಹಿತೆ ಹೇಳುತ್ತದೆ. ನಡುವಿನ ಹವೆಗೆ ಎಂಟನೇ ಒಂದು ಭಾಗ, ನಾವು ಅದನ್ನೇ ಹಿಡಿದೆವು. ಹಲಗೆ ಹಾಸಿದ ಜಾಗ 105 ಚದರ ಅಡಿ, ಅಂದರೆ 9.75 ಚದರ ಮೀಟರ್. ಅದರ ಎಂಟನೇ ಒಂದು ಭಾಗ ಹದಿಮೂರು ಚದರ ಅಡಿ. ಗವಾಕ್ಷಿಗಳು ಎರಡೂ ಸೇರಿ ಆರು. ಉಳಿದದ್ದಕ್ಕೆ ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಒಂದು ಹೊಸ ಕಿಟಕಿ ಒಡೆಯಬೇಕಾಯಿತು.

ಎಲ್ಲಿ ಒಡೆಯುವುದು? ನನಗೆ ಹಿಂದಿನ ಗೋಡೆ ಇಷ್ಟವಾಗಿತ್ತು, ಆಚೆ ಹಿತ್ತಲಿನ ಮಾವಿನ ಮರ. ಇಂಜಿನಿಯರ್ ಜಂತಿಗಳನ್ನು ತೋರಿಸಿದರು. ಜಂತಿಗಳ ಒಂದು ತುದಿ ನಡುವಿನ ತೊಲೆಯ ಮೇಲಿದೆ, ಇನ್ನೊಂದು ತುದಿ ಹಿಂದಿನ ಗೋಡೆಯ ಮೇಲೆ. ಅಂದರೆ ಚಾವಣಿಯ ಭಾರ ಸಾಲಾಗಿ ಬಂದು ಕೂರುವುದು ಆ ಗೋಡೆಯ ನೆತ್ತಿಯಲ್ಲಿ. ಸುಣ್ಣದ ಗಾರೆಯ ಹಳೆಯ ಗೋಡೆಯಲ್ಲಿ ಜಂತಿಗಳ ಬುಡಕ್ಕೇ ಮೂರಡಿ ಕಿತ್ತರೆ ಮೇಲಿನ ಇಟ್ಟಿಗೆ ಸಡಿಲಗೊಂಡು ಜಂತಿಗಳು ಇಳಿಯುವ ಅಪಾಯವಿದೆ. ಪಕ್ಕದ ಗೋಡೆಗಳ ಮೇಲೆ ಜಂತಿಗಳ ಭಾರವಿಲ್ಲ, ತೊಲೆಯ ತುದಿ ಕೂತಿರುವ ಒಂದು ಜಾಗವನ್ನು ಬಿಟ್ಟು. ಹಾಗಾಗಿ ಪೂರ್ವದ ಗೋಡೆಯಲ್ಲಿ, ತೊಲೆಯಿಂದ ಮೂರು ಅಡಿ ದೂರ ಬಿಟ್ಟು, ಮೊದಲು ಲಿಂಟಲ್ ಕೂರಿಸಿ, ಅದು ಗಟ್ಟಿಯಾದ ಮೇಲೆ ಕೆಳಗಿನ ಇಟ್ಟಿಗೆಗಳನ್ನು ಬಿಡಿಸಿದರು. ಕಿಟಕಿಯ ಕೆಳಅಂಚು ಅಟ್ಟದ ನೆಲದಿಂದ ಮೂರು ಅಡಿ ಮೇಲಿದೆ. ಹಾಸಿಗೆಯ ಮೇಲೆ ನಿಂತ ಮಗು ಬಗ್ಗಿದರೂ ಬೀಳದಂತೆ ಸರಳುಗಳನ್ನೂ ಹಾಕಿಸಿದ್ದೇವೆ.

ಇನ್ನು ಕೆಳಗಿನ ಅರ್ಧದ ಗಾಳಿ. ಅಮ್ಮನ ಮಂಚ ಅಟ್ಟದ ಕೆಳಗೇ ಬರುತ್ತದೆ, ಆದ್ದರಿಂದ ನನಗೆ ಇದು ಮೇಲಿನದಕ್ಕಿಂತ ಮುಖ್ಯವಾಗಿತ್ತು. ಹಿಂದಿನ ಗೋಡೆಯಲ್ಲಿ ದೊಡ್ಡ ಕಿಟಕಿ ಇದೆ, ಗಾಳಿ ಒಳಗೆ ಬರುತ್ತದೆ. ಬಂದದ್ದು ಮೇಲೇರಲು ಏನು ದಾರಿ? ಅಟ್ಟದ ಹಲಗೆಯನ್ನು ಹಿಂದಿನ ಗೋಡೆಯವರೆಗೆ ಹಾಸದೆ, ಗೋಡೆಯುದ್ದಕ್ಕೂ ಆರು ಇಂಚು ಸಂದು ಬಿಟ್ಟೆವು. ಎಂಟು ಅಡಿಯ ಅಟ್ಟದಲ್ಲಿ ಹಲಗೆ ಇರುವುದು ಏಳೂವರೆ ಅಡಿ. ಸಂದಿನ ಮೇಲೆ ಕಬ್ಬಿಣದ ಜಾಲರಿ, ಸರಳುಗಳ ನಡುವೆ ಮುಕ್ಕಾಲು ಇಂಚಿನಷ್ಟೇ ಅಂತರ, ಕಾಲು ಸಿಕ್ಕಿಕೊಳ್ಳಬಾರದು, ಮೊಬೈಲ್ ಅಮ್ಮನ ಮೇಲೆ ಬೀಳಬಾರದು. ಕಿಟಕಿಯಿಂದ ಬಂದ ಗಾಳಿ ಈ ಸಂದಿನಿಂದ ಮೇಲಕ್ಕೆ ಹೋಗಿ ಗವಾಕ್ಷಿ ಸೇರುತ್ತದೆ. ಮುಂಭಾಗದಲ್ಲಿ ಪ್ಲೈವುಡ್ ಗೋಡೆ ಎಬ್ಬಿಸಿ ಮಗಳಿಗೆ ಪೂರ್ತಿ ಮರೆ ಮಾಡಿಕೊಡುವ ಸಲಹೆಯೂ ಬಂದಿತ್ತು. ಬೇಡವೆಂದೆ. ನಡು ಅಂತಸ್ತನ್ನು ಗಾಳಿಯಾಡದ ಕೋಣೆಯಾಗುವಂತೆ ಮುಚ್ಚಬಾರದು, ಒಳಗೆ ಸಣ್ಣ ಸಣ್ಣ ಭಾಗ ಮಾಡಬಾರದು, ಅಡುಗೆಮನೆ ಮಾಡಬಾರದು ಎಂದು ಸಂಹಿತೆಯೇ ಹೇಳುತ್ತದೆ. ಒಂದು ಮೀಟರ್ ಎತ್ತರದ ಸರಳಿನ ಕಟಕಟೆ, ಬೇಕಾದಾಗ ಎಳೆದುಕೊಳ್ಳಲು ಹತ್ತಿಯ ಪರದೆ, ಅಷ್ಟೇ.

ಕಟ್ಟುವ ಕೆಲಸದ ಬಗ್ಗೆ ಎರಡೇ ಮಾತು. ಮುಂದಿನ ತೊಲೆಯ ತುದಿಗಳನ್ನು ಗೋಡೆಗೆ ಬೋಲ್ಟ್ ಹೊಡೆದು ನಿಲ್ಲಿಸಲು ಹೋಗಬಾರದು. ಸುಣ್ಣದ ಗಾರೆಯಲ್ಲಿ ಬೋಲ್ಟ್ ಹಿಡಿತ ಬರುವುದಿಲ್ಲ, ಬಿಗಿ ಮಾಡುತ್ತಾ ಹೋದಂತೆ ಪುಡಿ ಉದುರಿ ತಿರುಗುತ್ತಲೇ ಇರುತ್ತದೆ. ನಾವು ಎರಡೂ ತುದಿಗೆ ಗೋಡೆಗೆ ಆನಿಸಿ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಕೆಳಗೆ ಕೆಂಪು ಗಾರೆಯ ನೆಲ ಒಡೆದು ಕಾಂಕ್ರೀಟ್ ಪಾಯ ಹಾಕಿಸಿದೆವು. ಒಂದೊಂದು ಕಂಬಕ್ಕೆ ಬರುವ ಭಾರ ಆರುನೂರು ಕಿಲೋ ಚಿಲ್ಲರೆ. ಹಿಂದಿನ ಗೋಡೆಯಲ್ಲಿ ಅಡ್ಡಪಟ್ಟಿಗಳು ಕೂರುವ ಗೂಡುಗಳಿಗೆ ಕಾಂಕ್ರೀಟ್ ಮೆತ್ತೆ ಹಾಕಿಸಿದೆವು. ಎರಡನೆಯದು, ಒಣಗಿದ ತೇಗದ ಜಂತಿಗಳ ಕೆಳಗೆ ವೆಲ್ಡಿಂಗ್ ಕಿಡಿ ಹಾರಬಾರದು. ಬೆಸುಗೆಯನ್ನೆಲ್ಲ ಅಂಗಳದಲ್ಲಿ ಮುಗಿಸಿ, ಒಳಗೆ ಬೋಲ್ಟ್‌ನಿಂದ ಮಾತ್ರ ಜೋಡಿಸಿದರು.

ಮೆಟ್ಟಿಲು ಎಡಗೋಡೆಗೆ ಒತ್ತಿಕೊಂಡು ಬಂತು. ಏರಬೇಕಾದ ಎತ್ತರ 94 ಇಂಚು, ಏಳೂಕಾಲು ಇಂಚಿನ ಹದಿಮೂರು ಏರುಗಳು. ನೇರವಾಗಿ ಇಳಿಸಿದರೆ ಕೊನೆಯ ಮೆಟ್ಟಿಲಿನಿಂದ ಮುಂದಿನ ಗೋಡೆಗೆ ಆರೇ ಇಂಚು ಉಳಿಯುತ್ತಿತ್ತು. ಆದ್ದರಿಂದ ಕೆಳಗಿನ ಮೂರು ಏರುಗಳನ್ನು ಹಜಾರದ ಕಡೆಗೆ ತಿರುಗಿಸಿ, ಮೂಲೆಯಲ್ಲಿ ಮೂರಡಿಯ ತಂಗುಕಟ್ಟೆ ಮಾಡಿದೆವು. ಮೆಟ್ಟಿಲು ನಡುವಿನ ಮರದ ತೊಲೆಯ ಕೆಳಗೆ ಹಾದುಹೋಗುವುದರಿಂದ ಅಲ್ಲಿಯೂ ತಲೆಯೆತ್ತರ ನೋಡಬೇಕಾಯಿತು. ತೊಲೆಯ ಕೆಳಗೆ ಬರುವ ಮೆಟ್ಟಿಲಿನಿಂದ ಏಳು ಅಡಿ ಎಂಟು ಇಂಚು ಸಿಗುತ್ತದೆ, ಸಾಕು. ಅಟ್ಟವನ್ನು ಇನ್ನೊಂದು ಅಡಿ ಮುಂದಕ್ಕೆ ತಂದಿದ್ದರೆ ಹತ್ತಿ ಬಂದವರ ಎದುರಿಗೇ ತೊಲೆಯ ತಗ್ಗು ಬರುತ್ತಿತ್ತು.

ಮುಂದಿನ ಬೇಸಿಗೆಗೆ ಮೊದಲು ತಾರಸಿಗೆ ಸುಣ್ಣ ಹೊಡೆಸಿದೆ. ಅದೇ ಉಷ್ಣಮಾಪಕಗಳನ್ನು ಅದೇ ಜಾಗದಲ್ಲಿ ತೂಗುಹಾಕಿದೆ. ಏಪ್ರಿಲ್‌ನ ರಾತ್ರಿ ಹತ್ತಕ್ಕೆ ಕೆಳಗೆ 28–29, ಮೇಲೆ 30ರಿಂದ 31. ನಾಲ್ಕು ಡಿಗ್ರಿಯ ಅಂತರ ಎರಡಕ್ಕೆ ಇಳಿದಿದೆ. ಸೊನ್ನೆಯಾಗಿಲ್ಲ, ಆಗುವುದೂ ಇಲ್ಲ, ಏಕೆಂದರೆ ತಾರಸಿಯ ಕಾವು ಇದ್ದೇ ಇದೆ. ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತದೆ, ವರ್ಷ ವರ್ಷವೂ ಹೊಡೆಸಬೇಕು. ಬೇಸಿಗೆಯ ಆರು ವಾರ ಮಗಳು ಮೇಲೆ ಓದಿ, ಕೆಳಗೆ ಬಂದು ಮಲಗುತ್ತಾಳೆ. ಉಳಿದ ಕಾಲವೆಲ್ಲ ಅಲ್ಲೇ.

ನಮ್ಮದನ್ನು ನೋಡಿಹೋದ ಪಕ್ಕದ ಬೀದಿಯವರೊಬ್ಬರು ತಮ್ಮ ಮನೆಯಲ್ಲೂ ಹೀಗೆ ಮಾಡಿಸಬಹುದೇ ಎಂದು ಕೇಳಿದರು. ಅವರದು ಹನ್ನೆರಡು ಅಡಿಯ ಕೋಣೆ, 144 ಇಂಚು. ಕೆಳಗಿನ 87, ದಪ್ಪದ 7 ಕಳೆದರೆ ಮೇಲೆ ಉಳಿಯುವುದು 50 ಇಂಚು, ನಾಲ್ಕಡಿ ಚಿಲ್ಲರೆ. ಕುಳಿತುಕೊಳ್ಳಬಹುದು, ನಿಲ್ಲಲಾಗದು. ಕೆಳಗಿನ ಎತ್ತರವನ್ನು ಆರು ಅಡಿಗೆ ತಗ್ಗಿಸಿ ಮೇಲೆ ಕೊಡಬಹುದಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಹಾಗೆ ಮಾಡಿದರೂ ಮೇಲೆ ಸಿಗುವುದು 65 ಇಂಚು, ಮೇಲಿನವರೂ ಬಗ್ಗಬೇಕು, ಕೆಳಗೆ ಎತ್ತರದವರ ತಲೆಯೂ ತೊಲೆಗೆ ಬಡಿಯುತ್ತದೆ. ಅಂಥ ಕೋಣೆಗೆ ಸಾಮಾನಿನ ಅಟ್ಟವೇ ಸರಿ. ಅದರ ಎತ್ತರ ಒಂದೂವರೆ ಮೀಟರ್ ಮೀರಬಾರದು, ಕೋಣೆಯ ಕಾಲು ಭಾಗಕ್ಕಿಂತ ಹೆಚ್ಚು ಹರಡಬಾರದು, ಕೆಳಗೆ ಅದೇ 2.2 ಮೀಟರ್ ಬಿಡಬೇಕು. ಟೇಪು ಕೊಟ್ಟು, ಅವರ ಗವಾಕ್ಷಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರಲು ಹೇಳಿದೆ, ಅಟ್ಟದ ಹಲಗೆ ಅದರ ನಡುವೆ ಹಾದುಹೋಗುವಂತಿದ್ದರೆ ಆ ಗೋಡೆಯನ್ನು ಬಿಟ್ಟು ಎದುರಿನ ಗೋಡೆಗೆ ಹಾಕಿಸಬೇಕು.